ಡಿಡಿಯೋ, ಬ್ಯಾಂಕರ್ಸ್ ಚೆಕ್ಕೋ, ಆರ್‌ಟಿಜಿಎಸ್ಸೋ? ಮನೆ, ಸೈಟು ನೋಂದಣಿಯ ಹಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆರ್‌ಟಿಜಿಎಸ್ ಹಗಲೂ ರಾತ್ರಿ ಇರುವಾಗ ಮಾರುವವರು ಇನ್ನೂ ಡಿಡಿಯನ್ನೇ ಕೇಳುವುದೇಕೆ?

ಎನ್‌ಇಎಫ್‌ಟಿ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ರಜೆಯಿಲ್ಲದೆ 24 ಗಂಟೆಯೂ ನಡೆಯುತ್ತಿವೆ. ಹಾಗಾಗಿ ತಕರಾರು ಇರುವುದು ವೇಗದ ಬಗ್ಗೆ ಅಲ್ಲ, ಮೊದಲು ಯಾರು ಎಂಬುದರ ಬಗ್ಗೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾರುವವರು ಒಮ್ಮೆ ಫೋಟೊ, ಹೆಬ್ಬೆಟ್ಟಿನ ಗುರುತು ಕೊಟ್ಟು ಸಹಿ ಹಾಕಿದರೆ ಆಸ್ತಿ ಅವರ ಕೈಬಿಟ್ಟಂತೆ. ಹಣ ಬರುವ ಮೊದಲೇ ಸಹಿ ಹಾಕಲು ಅವರಿಗೆ ಅಂಜಿಕೆ. ಕೊಳ್ಳುವವರು ಒಮ್ಮೆ ಆರ್‌ಟಿಜಿಎಸ್ ಒತ್ತಿದರೆ ಹಣ ಅವರ ಕೈಬಿಟ್ಟಂತೆ. ಅದನ್ನು ಹಿಂದಕ್ಕೆ ಕರೆಸಿಕೊಳ್ಳುವ ಗುಂಡಿ ಯಾವ ಆ್ಯಪಿನಲ್ಲೂ ಇಲ್ಲ. ಸಹಿ ಆಗುವ ಮೊದಲೇ 60 ಲಕ್ಷ ಕಳಿಸಲು ಅವರಿಗೂ ಅಂಜಿಕೆ.

ಡಿಡಿ ಈ ಇಬ್ಬರ ನಡುವೆ ನಿಲ್ಲುತ್ತದೆ. ಬ್ಯಾಂಕು ಡಿಡಿ ಬರೆಯುವ ಹೊತ್ತಿಗೇ ಕೊಳ್ಳುವವರ ಖಾತೆಯಿಂದ ಹಣ ಕಡಿತವಾಗಿರುತ್ತದೆ, ಆದರೆ ಮಾರುವವರ ಖಾತೆಗೆ ಇನ್ನೂ ಸೇರಿರುವುದಿಲ್ಲ. ಮಾರುವವರು ಕಾಗದ ನೋಡಿ, ಬ್ಯಾಂಕಿನಲ್ಲಿ ಖಚಿತಪಡಿಸಿಕೊಂಡು ಸಹಿಗೆ ಕೂರುತ್ತಾರೆ. ಕೊಳ್ಳುವವರು ಸಹಿ ಬೀಳುವವರೆಗೂ ಕಾಗದವನ್ನು ಬಿಟ್ಟುಕೊಡುವುದಿಲ್ಲ. ಎರಡೂ ಒಂದೇ ಮೇಜಿನ ಮೇಲೆ ಕೈ ಬದಲಾಗುತ್ತವೆ. ಡಿಡಿ ಹಳೆಯದಾದರೂ ಇಲ್ಲಿ ಉಳಿದಿರುವುದು ಈ ಕೆಲಸಕ್ಕಾಗಿಯೇ. ಇಂಥ ಕೈ ಬದಲಾವಣೆ ಇಲ್ಲದ ಕಡೆ, ಅಂದರೆ ಮುಂಗಡ, ಕಂತು, ಬಾಡಿಗೆಗೆಲ್ಲ, ಆನ್‌ಲೈನ್ ವರ್ಗಾವಣೆಯೇ ಮೇಲು.

ಡಿಡಿಗೂ ಬ್ಯಾಂಕರ್ಸ್ ಚೆಕ್‌ಗೂ ಏನು ವ್ಯತ್ಯಾಸ? ಕ್ರಯಪತ್ರಕ್ಕೆ ಯಾವುದಾದರೂ ಆದೀತೆ?

ಆದೀತು. ಎರಡರಲ್ಲೂ ಹಣ ಕೊಡುವ ಹೊಣೆ ಬ್ಯಾಂಕಿನದೇ. ಮೂಲದಲ್ಲಿ ಡಿಡಿ ಎಂದರೆ ಒಂದು ಶಾಖೆಯು ತನ್ನದೇ ಬ್ಯಾಂಕಿನ ಇನ್ನೊಂದು ಶಾಖೆಗೆ, ಸಾಮಾನ್ಯವಾಗಿ ಬೇರೆ ಊರಿನದಕ್ಕೆ, 'ಇವರಿಗೆ ಇಷ್ಟು ಹಣ ಕೊಡಿ' ಎಂದು ಬರೆದುಕೊಡುವ ಆದೇಶ. ಬ್ಯಾಂಕರ್ಸ್ ಚೆಕ್ ಅಥವಾ ಪೇ ಆರ್ಡರ್ ಅದೇ ಊರಿನೊಳಗೆ ಪಾವತಿಗೆಂದು ಇದ್ದದ್ದು. ಕೋರ್ ಬ್ಯಾಂಕಿಂಗ್ ಬಂದು, ಚೆಕ್‌ಗಳ ಚಿತ್ರ ಕಳಿಸಿಯೇ ಕ್ಲಿಯರಿಂಗ್ ಮಾಡುವ ಸಿಟಿಎಸ್ ಬಂದಮೇಲೆ ಆ ಗಡಿ ಬಹುಮಟ್ಟಿಗೆ ಅಳಿಸಿಹೋಗಿದೆ. ಕೌಂಟರಿನಲ್ಲಿ ಯಾವುದನ್ನು ಕೊಡುತ್ತಾರೋ ಅದನ್ನು ತೆಗೆದುಕೊಳ್ಳಬಹುದು.

ಒಂದು ಎಚ್ಚರ: ಅರ್ಜಿ ನಮೂನೆಯಲ್ಲೋ ಟೆಂಡರ್ ಷರತ್ತಿನಲ್ಲೋ 'ಬೆಂಗಳೂರಿನಲ್ಲಿ ಪಾವತಿಯಾಗುವ ಡಿಡಿ' ಎಂದು ಬರೆದಿದ್ದರೆ ಹಾಗೇ ತೆಗೆಸಿ. ಕಚೇರಿಯ ಗುಮಾಸ್ತರು ಹೋಲಿಸಿ ನೋಡುವುದು ಷರತ್ತಿನ ಪದಗಳನ್ನು, ಕ್ಲಿಯರಿಂಗ್ ವ್ಯವಸ್ಥೆಯನ್ನಲ್ಲ.

ಚೆಕ್ ಕೊಟ್ಟರೆ ಆಗದೆ? ಡಿಡಿ ಬೌನ್ಸ್ ಆಗುವುದೇ ಇಲ್ಲವೆ?

ಚೆಕ್ ಹಾಕುವ ದಿನ ಖಾತೆಯಲ್ಲಿ ಹಣವಿಲ್ಲದೆ ಇರಬಹುದು, ಬರೆದವರು ಅದನ್ನು ತಡೆಹಿಡಿಸಲೂಬಹುದು. ಡಿಡಿ ಹಣವಿಲ್ಲವೆಂದು ವಾಪಸಾಗುವುದಿಲ್ಲ, ಏಕೆಂದರೆ ಹಣ ಆಗಲೇ ಬ್ಯಾಂಕಿನ ಬಳಿ ಇದೆ. ಅದನ್ನು ಒಮ್ಮೆ ಹಕ್ಕುದಾರರ ಕೈಗೆ ಕೊಟ್ಟ ಮೇಲೆ 'ನನ್ನ ಮನಸ್ಸು ಬದಲಾಯಿತು, ತಡೆಯಿರಿ' ಎಂದು ತೆಗೆಸಿದವರು ಹೇಳಿದರೆ ಬ್ಯಾಂಕು ಕೇಳುವಂತಿಲ್ಲ. ತಡೆಯಬೇಕಾದರೆ ನ್ಯಾಯಾಲಯದ ಆದೇಶವೋ ಕಳವು, ಮೋಸದಂಥ ಗಟ್ಟಿ ಕಾರಣವೋ ಬೇಕು. ಮಾರುವವರು ಡಿಡಿಯನ್ನು ನಂಬುವುದು ಇದಕ್ಕೇ.

ಆದರೂ ಬೇರೆ ಕಾರಣಕ್ಕೆ ಡಿಡಿ ವಾಪಸಾಗುತ್ತದೆ: ಅವಧಿ ಮುಗಿದಿರುವುದು, ಹೆಸರು ಹೊಂದದಿರುವುದು, ಅಧಿಕಾರಿಯ ಸಹಿ ಬಿಟ್ಟುಹೋಗಿರುವುದು, ಅಂಕೆಗೂ ಅಕ್ಷರಕ್ಕೂ ತಾಳೆಯಾಗದಿರುವುದು, ಏನನ್ನಾದರೂ ತಿದ್ದಿರುವುದು. ಇನ್ನೊಂದು ಕಾರಣ ಎಲ್ಲಕ್ಕಿಂತ ಕೆಟ್ಟದ್ದು. ಡಿಡಿಯೇ ನಕಲಿಯಾಗಿರುವುದು.

ನಿಜವಾದ ಲೆಕ್ಕ ಹೇಗಿರುತ್ತದೆ? ಒಂದು ಉದಾಹರಣೆ ಕೊಡಿ.

ಮೈಸೂರಿನಲ್ಲಿ ಒಂದು ಮನೆ, ಒಪ್ಪಿದ ಬೆಲೆ 68,00,000 ರೂ. ಸರ್ಕಾರದ ಮಾರ್ಗಸೂಚಿ ಬೆಲೆ ಇದಕ್ಕಿಂತ ಕಡಿಮೆ ಎಂದಿಟ್ಟುಕೊಳ್ಳೋಣ. ಮಾರುವವರು ಒಬ್ಬರೇ, ಭಾರತದ ನಿವಾಸಿ, ಪಾನ್ ಇದೆ. ಆಸ್ತಿಯ ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದ್ದರಿಂದ ಕೊಳ್ಳುವವರು ಶೇಕಡಾ 1ರಷ್ಟು ಟಿಡಿಎಸ್ ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಒಟ್ಟು 68,000 ರೂ.

ಕರಾರುಪತ್ರದ ದಿನ ಮುಂಗಡ 5,00,000. ಅದರಲ್ಲಿ 5,000 ಟಿಡಿಎಸ್ ಹಿಡಿದು 4,95,000 ರೂಪಾಯಿಯನ್ನು ಆರ್‌ಟಿಜಿಎಸ್ ಮೂಲಕ ಕಳಿಸಿದ್ದಾಯಿತು. ಉಳಿದದ್ದು 63,00,000. ಅದರ ಟಿಡಿಎಸ್ 63,000 ಕಳೆದರೆ ನೋಂದಣಿಯ ದಿನ ಮಾರುವವರ ಕೈಗೆ ಬರಬೇಕಾದ್ದು 62,37,000. ಇದರಲ್ಲಿ ಗೃಹಸಾಲದ ಬ್ಯಾಂಕಿನಿಂದ 45,00,000 ರೂಪಾಯಿಯ ಒಂದು ಡಿಡಿ, ಕೊಳ್ಳುವವರ ಸ್ವಂತ ಖಾತೆಯಿಂದ 17,37,000 ರೂಪಾಯಿಯ ಇನ್ನೊಂದು.

ಎಡವುವುದು ಸಾಮಾನ್ಯವಾಗಿ ಇಲ್ಲಿ: ಟಿಡಿಎಸ್ ಮರೆತು 63 ಲಕ್ಷಕ್ಕೇ ಡಿಡಿ ತೆಗೆಸಿರುತ್ತಾರೆ. ನೋಂದಣಿ ಮೇಜಿನ ಮುಂದೆ ನಿಂತು 63,000 ವಾಪಸ್ ಕೊಡಿ ಎಂದು ಕೇಳುವುದು ಇಬ್ಬರಿಗೂ ಮುಜುಗರ, ಮಾರುವವರು ಕೊಡದಿದ್ದರೂ ತೆರಿಗೆ ಕಟ್ಟುವ ಹೊಣೆ ಕೊಳ್ಳುವವರದೇ. ಆದ್ದರಿಂದ ಡಿಡಿ ತೆಗೆಸುವ ಮೊದಲು ಈ ನಾಲ್ಕು ಸಾಲಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಮಾರುವವರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ. ಪಾನ್ ಸಕ್ರಿಯವಾಗಿಲ್ಲದಿದ್ದರೆ ಅಥವಾ ಮಾರುವವರು ಅನಿವಾಸಿಯಾಗಿದ್ದರೆ ಈ ಶೇಕಡಾ 1ರ ಲೆಕ್ಕ ನಡೆಯುವುದಿಲ್ಲ. ಹಿಡಿಯಬೇಕಾದ ತೆರಿಗೆ ಬಹಳ ಹೆಚ್ಚು, ಮೊದಲೇ ಲೆಕ್ಕಪರಿಶೋಧಕರನ್ನು ಕೇಳಬೇಕು.

ಅಣ್ಣ ತಂಗಿ ಸೇರಿ ಮಾರುತ್ತಿದ್ದರೆ ಅವರವರ ಪಾಲಿಗೆ ಬೇರೆ ಬೇರೆ ಡಿಡಿ ತೆಗೆಸಿ. ಒಬ್ಬರ ಹೆಸರಿನಲ್ಲಿ ಎಲ್ಲವನ್ನೂ ಕೊಟ್ಟರೆ ಇನ್ನೊಬ್ಬರು 'ನನಗೆ ಪ್ರತಿಫಲ ಮುಟ್ಟಿಲ್ಲ' ಎನ್ನಲು ದಾರಿಯಾಗುತ್ತದೆ. ಪಾಲು ಮಾಡಿದರೆ ತಲಾ 34 ಲಕ್ಷ, ಟಿಡಿಎಸ್ ಬೇಡ ಎಂದು ವಾದಿಸುವವರು ಸಿಗುತ್ತಾರೆ. 2024ರ ಅಕ್ಟೋಬರ್ 1ರಿಂದ ಎಲ್ಲ ಪಾಲೂ ಸೇರಿದ ಒಟ್ಟು ಬೆಲೆಯನ್ನೇ ನೋಡುತ್ತಾರೆ.

ಡಿಡಿ ತೆಗೆಸುವುದು ಹೇಗೆ? ಯಾವಾಗ ಹೋಗಬೇಕು?

ನೋಂದಣಿಯ ಹಿಂದಿನ ಕೆಲಸದ ದಿನ ಬೆಳಿಗ್ಗೆಯೇ ಹೋಗಿ. ಅದೇ ದಿನ ತೆಗೆಸಿ ಓಡುವುದು ಬೇಡ. ಪ್ರಿಂಟರ್ ಕೆಟ್ಟಿರಬಹುದು, ಸಹಿ ಹಾಕಬೇಕಾದ ಎರಡನೆಯ ಅಧಿಕಾರಿ ರಜೆಯಲ್ಲಿರಬಹುದು. ತೀರಾ ವಾರಗಟ್ಟಲೆ ಮೊದಲೂ ಬೇಡ, ಅಷ್ಟು ದಿನ ಆ ಹಣಕ್ಕೆ ಬಡ್ಡಿ ಬರುವುದಿಲ್ಲ.

ಶಾಖೆಯಲ್ಲಿ ಡಿಡಿ ಅರ್ಜಿ ಚೀಟಿ ಸಿಗುತ್ತದೆ. ಅದರಲ್ಲಿ ಯಾರ ಹೆಸರಿಗೆ, ಎಷ್ಟು ಮೊತ್ತ, ಪಾವತಿಯಾಗುವ ಊರು, ನಿಮ್ಮ ಹೆಸರು ಮತ್ತು ಖಾತೆ ಸಂಖ್ಯೆ ತುಂಬಿ ಸಹಿ ಹಾಕಬೇಕು. ದೊಡ್ಡ ಮೊತ್ತಕ್ಕೆ ಚೀಟಿಯ ಜೊತೆ ನಿಮ್ಮ ಚೆಕ್ಕನ್ನೂ ಕೇಳುವ ಶಾಖೆಗಳಿವೆ, ಚೆಕ್ ಪುಸ್ತಕ ಕೈಯಲ್ಲಿರಲಿ. ನಗದು ಕೊಟ್ಟು ಡಿಡಿ ತೆಗೆಸುವುದು 50,000ಕ್ಕಿಂತ ಕಡಿಮೆ ಮೊತ್ತಕ್ಕೆ ಮಾತ್ರ. ಅದರ ಮೇಲೆ ಖಾತೆಯಿಂದಲೇ ಹಣ ಹೋಗಬೇಕು. ಕಮಿಷನ್ ಮತ್ತು ಅದರ ಮೇಲೆ ಜಿಎಸ್‌ಟಿ ಕಡಿತವಾಗುತ್ತದೆ. ದರ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಸಾವಿರಕ್ಕೆ ಇಷ್ಟು ಎಂದು ಲೆಕ್ಕ ಹಾಕಿ ಮೇಲೊಂದು ಮಿತಿ ಇಟ್ಟಿರುವುದೇ ಹೆಚ್ಚು. ಕೆಲವು ಬಗೆಯ ಖಾತೆಗಳಿಗೆ ಉಚಿತವೂ ಇರುತ್ತದೆ, ಕೇಳಿ ನೋಡಿ. ಖಾತೆಯಲ್ಲಿ ಡಿಡಿಯ ಮೊತ್ತದಷ್ಟೇ ಹಣ ಇಟ್ಟುಕೊಂಡು ಹೋದರೆ ಈ ಕಮಿಷನ್‌ಗೆ ಸಾಲದೆ ಚೀಟಿ ವಾಪಸಾಗುತ್ತದೆ.

ಡಿಡಿ ಕೈಗೆ ಬಂದಾಗ ಕೌಂಟರ್ ಬಿಡುವ ಮೊದಲೇ ನೋಡಿ. ದಿನಾಂಕ, ಪಡೆಯುವವರ ಹೆಸರಿನ ಒಂದೊಂದು ಅಕ್ಷರ, ಅಂಕೆ ಮತ್ತು ಅಕ್ಷರದಲ್ಲಿ ಮೊತ್ತ, 'ಅಕೌಂಟ್ ಪೇಯೀ' ಎಂಬ ಅಡ್ಡಗೆರೆ. 20,000 ಮತ್ತು ಅದಕ್ಕಿಂತ ಹೆಚ್ಚಿನ ಡಿಡಿಗಳಿಗೆ ಈ ಗೆರೆ ಕಡ್ಡಾಯ. 2018ರ ಸೆಪ್ಟೆಂಬರ್ 15ರಿಂದ ತೆಗೆಸಿದವರ ಹೆಸರೂ ಡಿಡಿಯ ಮುಖದ ಮೇಲೆಯೇ ಅಚ್ಚಾಗಬೇಕು. 'ಇಷ್ಟು ಮೊತ್ತದ ಮೇಲೆ ಇಬ್ಬರು ಅಧಿಕಾರಿಗಳ ಸಹಿ ಇಲ್ಲದಿದ್ದರೆ ಸಿಂಧುವಲ್ಲ' ಎಂಬ ಸಾಲು ಹಲವು ಬ್ಯಾಂಕುಗಳ ಡಿಡಿಯಲ್ಲಿರುತ್ತದೆ. ಆ ಸಾಲನ್ನು ಓದಿ ಸಹಿಗಳನ್ನು ಎಣಿಸಿ. ಆಮೇಲೆ ಎರಡೂ ಬದಿಯ ಫೋಟೊ ತೆಗೆದುಕೊಂಡು, ಅರ್ಜಿ ಚೀಟಿಯ ಮುದ್ರೆ ಹಾಕಿದ ಪ್ರತಿಯನ್ನು ಬೇರೆ ಕಡೆ ಇಡಿ. ಡಿಡಿಯನ್ನು ಮಡಿಸಬೇಡಿ, ಪಿನ್ ಹೊಡೆಯಬೇಡಿ. ಕ್ಲಿಯರಿಂಗ್‌ಗೆ ಹೋಗುವುದು ಅದರ ಚಿತ್ರ.

ಹೆಸರನ್ನು ಆಧಾರ್‌ನಲ್ಲಿರುವಂತೆ ಬರೆಯಬೇಕೆ, ಕ್ರಯಪತ್ರದಲ್ಲಿರುವಂತೆಯೇ?

ಎರಡೂ ಅಲ್ಲ. ಮಾರುವವರು ಡಿಡಿ ಹಾಕಲಿರುವ ಖಾತೆಯ ಪಾಸ್‌ಬುಕ್ಕಿನಲ್ಲಿರುವಂತೆ. ನಮ್ಮ ಕಡೆ ಹೆಸರಿನ ಗೊಂದಲಕ್ಕೆ ಇನಿಷಿಯಲ್ಲೇ ಮೂಲ. ಖಾತೆಯಲ್ಲಿ ಇನಿಷಿಯಲ್ ಕೊನೆಗಿರುತ್ತದೆ, ಪಹಣಿಯಲ್ಲೋ ಹಳೆಯ ಕ್ರಯಪತ್ರದಲ್ಲೋ ಮೊದಲಿಗಿರುತ್ತದೆ, ಆಧಾರ್‌ನಲ್ಲಿ ಅದು ಬಿಡಿಸಿಕೊಂಡು ತಂದೆಯ ಹೆಸರೋ ಊರಿನ ಹೆಸರೋ ಆಗಿರುತ್ತದೆ. ಇನಿಷಿಯಲ್ ಹಿಂದುಮುಂದಾದರೆ ಬಹಳ ಶಾಖೆಗಳು ಒಪ್ಪುತ್ತವೆ, ಬಿಡಿಸಿದ ಹೆಸರು ಪೂರ್ತಿ ಬೇರೆಯಾಗಿ ಕಂಡರೆ ತಕರಾರು ಬರುತ್ತದೆ. ಮಾರುವವರಿಂದ ಪಾಸ್‌ಬುಕ್ ಮೊದಲ ಪುಟದ ಅಥವಾ ರದ್ದು ಮಾಡಿದ ಚೆಕ್ಕಿನ ಪ್ರತಿ ತರಿಸಿಕೊಂಡು ಅದನ್ನು ನೋಡಿ ಬರೆಯುವುದು ಸರಿಯಾದ ದಾರಿ. ಹೆಸರು ತಪ್ಪಿ ಅಚ್ಚಾಗಿದ್ದರೆ ಪೆನ್ನಿನಿಂದ ತಿದ್ದಿಸಿ ಪಕ್ಕದಲ್ಲಿ ಸಹಿ ಹಾಕಿಸಿಕೊಂಡು ಬರಬೇಡಿ, ತಿದ್ದಿದ್ದನ್ನು ಕ್ಲಿಯರಿಂಗ್ ಒಪ್ಪುವುದಿಲ್ಲ. ರದ್ದು ಮಾಡಿಸಿ ಹೊಸದನ್ನೇ ತೆಗೆಸಿ.

ನಾನು ಮಾರುವವನು. ಕೊಟ್ಟ ಡಿಡಿ ಅಸಲಿ ಎಂದು ತಿಳಿಯುವುದು ಹೇಗೆ?

ಕಾಗದ ನೋಡಿ ತಿಳಿಯುತ್ತದೆ ಎಂದುಕೊಳ್ಳಬೇಡಿ. ಒಳ್ಳೆಯ ಪ್ರಿಂಟರ್ ಇದ್ದವರಿಗೆ ಬ್ಯಾಂಕಿನ ಲಾಂಛನ ಅಚ್ಚು ಹಾಕುವುದು ಕಷ್ಟವಲ್ಲ. ಅಸಲಿ ಡಿಡಿಯನ್ನೇ ಸಣ್ಣ ಮೊತ್ತಕ್ಕೆ ತೆಗೆಸಿ, ಮೊತ್ತವನ್ನು ಅಳಿಸಿ ಹಿಗ್ಗಿಸುವವರೂ ಇದ್ದಾರೆ. ಬೆಳಕಿಗೆ ಹಿಡಿದರೆ ಕಾಗದದೊಳಗೆ ಕಾಣುವ ನೀರಚ್ಚು ಇಲ್ಲದಿದ್ದರೆ ಖಂಡಿತ ಅನುಮಾನಿಸಿ, ಇದ್ದರೂ ಅಷ್ಟಕ್ಕೇ ನಂಬಬೇಡಿ.

ಅತಿ ಭದ್ರವಾದ ದಾರಿ ಎಂದರೆ ಕೊಳ್ಳುವವರು ಡಿಡಿ ತೆಗೆಸುವಾಗ ನೀವೂ ಅದೇ ಕೌಂಟರಿನಲ್ಲಿ ನಿಲ್ಲುವುದು. ಅದು ಸಾಧ್ಯವಿಲ್ಲವೆಂದರೆ ಹಿಂದಿನ ದಿನವೇ ಡಿಡಿಯ ಫೋಟೊ ಪಡೆದು, ಅದನ್ನು ಕೊಟ್ಟ ಬ್ಯಾಂಕಿನ ನಿಮ್ಮೂರ ಶಾಖೆಗೆ ಹೋಗಿ ಸಂಖ್ಯೆ, ದಿನಾಂಕ, ಮೊತ್ತ, ನಿಮ್ಮ ಹೆಸರು ಇವು ಕಂಪ್ಯೂಟರಿನಲ್ಲಿ ತಾಳೆಯಾಗುತ್ತವೆಯೇ ಎಂದು ಕೇಳಿ. ಮೊತ್ತವನ್ನು ನೀವೇ ಹೇಳಿಬಿಡಬೇಡಿ, 'ಇದು ಎಷ್ಟಕ್ಕೆ' ಎಂದು ಅವರಿಂದ ಹೇಳಿಸಿ. ಫೋನ್ ಮಾಡುವುದಾದರೆ ಶಾಖೆಯ ನಂಬರನ್ನು ಬ್ಯಾಂಕಿನ ಅಧಿಕೃತ ತಾಣದಿಂದ ತೆಗೆದುಕೊಳ್ಳಿ. ಡಿಡಿ ತಂದವರು ಕೊಟ್ಟ ನಂಬರ್, ಡಿಡಿಯ ಮೇಲೆಯೇ ಅಚ್ಚಾದ ನಂಬರ್, ಎರಡೂ ಬೇಡ. ಅಲ್ಲಿ ಫೋನ್ ಎತ್ತುವವರು ಅವರ ಕಡೆಯವರೇ ಆಗಿರಬಹುದು. ಶನಿವಾರ ಸಂಜೆ, ಬ್ಯಾಂಕು ಮುಚ್ಚಿದ ಮೇಲೆ ಡಿಡಿ ತೋರಿಸಿ ಅವಸರ ಮಾಡುವವರ ಜೊತೆ ವ್ಯವಹಾರವನ್ನೇ ಮುಂದಕ್ಕೆ ಹಾಕಿ. ಹಳೆಯ ಕಾರು ಮಾರುವವರು ಮೋಸ ಹೋಗುವುದು ಇಂಥ ಹೊತ್ತಿನಲ್ಲೇ.

ಕ್ರಯಪತ್ರದಲ್ಲಿ ಡಿಡಿಯ ಬಗ್ಗೆ ಏನು ಬರೆಸಬೇಕು?

ಪ್ರತಿಫಲದ ಪ್ಯಾರಾದಲ್ಲಿ ಪ್ರತಿ ಪಾವತಿಗೂ ಒಂದು ಸಾಲು: ಡಿಡಿ ಸಂಖ್ಯೆ, ದಿನಾಂಕ, ಮೊತ್ತ, ಬ್ಯಾಂಕು, ಶಾಖೆ. ಮುಂಗಡಕ್ಕೆ ಆರ್‌ಟಿಜಿಎಸ್‌ನ ಯುಟಿಆರ್ ಸಂಖ್ಯೆ ಮತ್ತು ದಿನಾಂಕ. ಟಿಡಿಎಸ್ 68,000 ರೂಪಾಯಿಗೂ ಒಂದು ಸಾಲು ಇರಲಿ, ಇಲ್ಲದಿದ್ದರೆ ಕೂಡಿದಾಗ 68 ಲಕ್ಷ ಬರುವುದಿಲ್ಲ. ಮೇಲಿನ ಉದಾಹರಣೆಯಲ್ಲಿ 4,95,000, 45,00,000, 17,37,000 ಮತ್ತು 68,000 ಕೂಡಿದರೆ ಸರಿಯಾಗಿ 68,00,000.

ಪತ್ರ ಬರಹಗಾರರು ಕರಡನ್ನು ಮೊದಲೇ ಸಿದ್ಧಮಾಡಿ ಡಿಡಿ ಸಂಖ್ಯೆಯ ಜಾಗ ಖಾಲಿ ಬಿಟ್ಟಿರುತ್ತಾರೆ. ಹಿಂದಿನ ದಿನವೇ ಡಿಡಿ ತೆಗೆಸಿ ಎನ್ನುವುದಕ್ಕೆ ಇದೂ ಒಂದು ಕಾರಣ, ಸಂಖ್ಯೆ ಸಿಕ್ಕಿದರೆ ಪತ್ರ ಮುಗಿಯುತ್ತದೆ. ನೋಂದಣಿಯಾದ ಮೇಲೆ ಡಿಡಿ ಬದಲಾಯಿಸಬೇಕಾಗಿ ಬಂದರೆ ಪತ್ರದಲ್ಲಿರುವ ಸಂಖ್ಯೆಗೂ ನಿಜವಾಗಿ ಹಣ ಬಂದ ಸಂಖ್ಯೆಗೂ ಹೊಂದುವುದಿಲ್ಲ. ಅದಕ್ಕೆ ತಿದ್ದುಪಡಿ ಪತ್ರ ಮಾಡಿಸುವ ತಾಪತ್ರಯ ಬೀಳಬಹುದು.

ನೋಂದಣಿ ಮುಂದಕ್ಕೆ ಹೋದರೆ ಡಿಡಿ ಏನಾಗುತ್ತದೆ?

ಸರ್ವರ್ ಕೈಕೊಟ್ಟು, ಸಾಕ್ಷಿ ಬಾರದೆ, ಇ-ಖಾತಾ ವಿವರ ಹೊಂದದೆ ನೋಂದಣಿ ಒಂದೆರಡು ದಿನ ಮುಂದಕ್ಕೆ ಹೋಗುವುದು ಹೊಸದಲ್ಲ. ಡಿಡಿಗೆ ಏನೂ ಆಗುವುದಿಲ್ಲ. 2012ರ ಏಪ್ರಿಲ್ 1ರಿಂದ ಚೆಕ್, ಡಿಡಿ, ಬ್ಯಾಂಕರ್ಸ್ ಚೆಕ್ ಎಲ್ಲಕ್ಕೂ ಅದರಲ್ಲಿರುವ ದಿನಾಂಕದಿಂದ 3 ತಿಂಗಳ ಅವಧಿ. ಆದರೆ ಕಾಗದ ಕೊಳ್ಳುವವರ ಬಳಿಯೇ ಇರಬೇಕು. ಸಹಿ ಆಗದ ದಿನ 'ಹೇಗೂ ನಾಳೆ ಆಗುತ್ತಲ್ಲ' ಎಂದು ಡಿಡಿಯನ್ನು ಮಾರುವವರ ಕೈಗೆ ಕೊಟ್ಟು ಬಂದರೆ ಡಿಡಿ ತೆಗೆಸಿದ ಉದ್ದೇಶವೇ ಹೋಯಿತು.

ನಿಜವಾದ ನಷ್ಟ ಸಾಲದ ಬಡ್ಡಿಯಲ್ಲಿದೆ. ಬ್ಯಾಂಕು ಡಿಡಿ ಬರೆದ ದಿನವೇ ಸಾಲ ಬಿಡುಗಡೆಯಾಯಿತೆಂದು ಲೆಕ್ಕ ಹಿಡಿದು ಅಂದಿನಿಂದಲೇ ಬಡ್ಡಿ ಹಾಕುವುದು ವಾಡಿಕೆ. 45 ಲಕ್ಷಕ್ಕೆ ಶೇಕಡಾ 8.5 ಬಡ್ಡಿ ಎಂದರೆ ದಿನಕ್ಕೆ ಸುಮಾರು 1,048 ರೂಪಾಯಿ. ಹತ್ತು ದಿನ ಮುಂದಕ್ಕೆ ಹೋದರೆ ಹತ್ತು ಸಾವಿರ, ಡಿಡಿ ಬೀರುವಿನಲ್ಲೇ ಇದ್ದರೂ. ತಡವಾಗುವುದು ಖಚಿತವೆಂದಾದರೆ ಡಿಡಿಯನ್ನು ಸಾಲದ ಖಾತೆಗೆ ಹಿಂದಿರುಗಿಸಿ ಹೊಸದಾಗಿ ತೆಗೆಸಬಹುದೇ ಎಂದು ಸಾಲದ ಅಧಿಕಾರಿಯನ್ನು ಆ ದಿನವೇ ಕೇಳಿ. ಕೆಲವು ಬ್ಯಾಂಕುಗಳು ಡಿಡಿಯನ್ನು ಸಾಲಗಾರರ ಕೈಗೆ ಕೊಡುವುದೇ ಇಲ್ಲ, ತಮ್ಮ ಪ್ರತಿನಿಧಿಯೇ ನೋಂದಣಿ ಕಚೇರಿಗೆ ತಂದು ಸಹಿ ಆದಮೇಲೆ ಕೊಡುತ್ತಾರೆ. ಅಂಥಲ್ಲಿ ಆ ಪ್ರತಿನಿಧಿಯ ಬರುವಿಕೆಗೂ ನಿಮ್ಮ ಸ್ಲಾಟ್‌ಗೂ ಹೊಂದಿಕೆ ಮಾಡಿಕೊಳ್ಳಬೇಕು.

ವ್ಯವಹಾರವೇ ಮುರಿದುಬಿದ್ದರೆ ಹಣ ವಾಪಸ್ ಹೇಗೆ? 3 ತಿಂಗಳು ಮೀರಿದರೆ ಹಣ ಮುಳುಗಿತೆ?

ಮೂಲ ಡಿಡಿ ನಿಮ್ಮ ಬಳಿ ಇದ್ದರೆ, ತೆಗೆಸಿದ ಶಾಖೆಗೆ ರದ್ದತಿ ಅರ್ಜಿಯ ಜೊತೆ ಕೊಡಿ. ಒಂದು ಸಣ್ಣ ಶುಲ್ಕ ಹಿಡಿದು ಉಳಿದದ್ದನ್ನು ಯಾವ ಖಾತೆಯಿಂದ ಹೋಗಿತ್ತೋ ಅದಕ್ಕೇ ಜಮಾ ಮಾಡುತ್ತಾರೆ. ತೆಗೆಸುವಾಗ ಕೊಟ್ಟ ಕಮಿಷನ್ ವಾಪಸ್ ಬರುವುದಿಲ್ಲ. ಗೃಹಸಾಲದ ಡಿಡಿಯಾದರೆ ಹಣ ನಿಮ್ಮ ಉಳಿತಾಯ ಖಾತೆಗಲ್ಲ, ಸಾಲದ ಖಾತೆಗೆ ಹೋಗುತ್ತದೆ.

3 ತಿಂಗಳು ಮೀರಿದ ಡಿಡಿಯ ಹಣ ಮುಳುಗುವುದಿಲ್ಲ, ಬ್ಯಾಂಕಿನಲ್ಲೇ ಕೂತಿರುತ್ತದೆ. ತೆಗೆಸಿದವರು ಅರ್ಜಿ ಕೊಟ್ಟರೆ ಅವಧಿ ನವೀಕರಿಸುತ್ತಾರೆ, ಅಥವಾ ರದ್ದು ಮಾಡುತ್ತಾರೆ. ಮಾರುವವರು ಡಿಡಿಯನ್ನು ಬೀರುವಿನಲ್ಲಿಟ್ಟು ಮರೆತರೆ ಕೊಳ್ಳುವವರ ಹಿಂದೆ ಓಡಾಡಬೇಕಾಗುವುದು ಇದಕ್ಕೇ. ಕೈಗೆ ಬಂದ ದಿನವೋ ಮರುದಿನವೋ ಹಾಕಿಬಿಡಿ.

ಡಿಡಿ ಕಳೆದುಹೋದರೆ?

ಮೊದಲು ತೆಗೆಸಿದ ಶಾಖೆಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಮುದ್ರೆ ಪಡೆಯಿರಿ. ಅವರು ಆ ಸಂಖ್ಯೆಗೆ ಎಚ್ಚರಿಕೆಯ ಗುರುತು ಹಾಕಿ, ಹಣ ಪಾವತಿಯಾಗಿದೆಯೇ ನೋಡುತ್ತಾರೆ. ಆಗಿಲ್ಲದಿದ್ದರೆ ನಷ್ಟಭರ್ತಿ ಮುಚ್ಚಳಿಕೆ ಬರೆಸಿಕೊಂಡು ನಕಲು ಡಿಡಿ ಕೊಡುತ್ತಾರೆ. ದೊಡ್ಡ ಮೊತ್ತಕ್ಕೆ ಜಾಮೀನುದಾರರನ್ನೋ ಪೊಲೀಸ್ ದೂರಿನ ಪ್ರತಿಯನ್ನೋ ಕೇಳಬಹುದು. ಕೋರಿಕೆ ಬಂದ ಹದಿನೈದು ದಿನದೊಳಗೆ ನಕಲು ಕೊಡಬೇಕು, ಅದಕ್ಕಿಂತ ತಡವಾದರೆ ಅಷ್ಟು ಅವಧಿಯ ಠೇವಣಿಯ ದರದಲ್ಲಿ ಬಡ್ಡಿ ಕಟ್ಟಿಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಇದನ್ನು ಕೌಂಟರಿನಲ್ಲಿ ನೆನಪಿಸಬೇಕಾಗಿ ಬರುತ್ತದೆ. ಅಕೌಂಟ್ ಪೇಯೀ ಗೆರೆ ಇರುವ ಡಿಡಿ ಸಿಕ್ಕವರಿಗೆ ನಗದಾಗುವುದಿಲ್ಲ, ಅದೇ ಹೆಸರಿನ ಖಾತೆ ಬೇಕು. ಆದ್ದರಿಂದ ಗಾಬರಿ ಬೇಡ, ತಡವೂ ಬೇಡ.

ಮಾರುವವರ ಖಾತೆಗೆ ಹಣ ಬರಲು ಎಷ್ಟು ಹೊತ್ತು?

2025ರ ಅಕ್ಟೋಬರ್ 4ರಿಂದ ಚೆಕ್‌ಗಳ ನಿರಂತರ ಕ್ಲಿಯರಿಂಗ್ ಶುರುವಾಗಿದೆ. ಬೆಳಿಗ್ಗೆ ಶಾಖೆಯಲ್ಲಿ ಕೊಟ್ಟರೆ ಅದೇ ದಿನ ಸಂಜೆಯೊಳಗೆ ಮುಗಿಯುವ ವ್ಯವಸ್ಥೆ ಅದು, ಡಿಡಿಗೂ ಅದೇ ದಾರಿ. ಪೆಟ್ಟಿಗೆಗೆ ಹಾಕಿ ಬಂದರೆ ಅವರು ತೆರೆಯುವ ಹೊತ್ತಿನ ಮೇಲೆ ಹೋಗುತ್ತದೆ. ದೊಡ್ಡ ಮೊತ್ತವನ್ನು ಕೌಂಟರಿನಲ್ಲೇ ಕೊಟ್ಟು ಚೀಟಿಗೆ ಮುದ್ರೆ ಹಾಕಿಸಿಕೊಳ್ಳಿ.

ಇಬ್ಬರಿಗೂ ಡಿಡಿ ಬೇಡ, ಆರ್‌ಟಿಜಿಎಸ್ಸೇ ಇರಲಿ ಎಂದರೆ ಹೇಗೆ ಮಾಡಬೇಕು?

ಮಾಡಬಹುದು, ತಯಾರಿ ಬೇಕು. ಆರ್‌ಟಿಜಿಎಸ್‌ಗೆ ಕನಿಷ್ಠ 2 ಲಕ್ಷ, ಮೇಲಿನ ಮಿತಿ ರಿಸರ್ವ್ ಬ್ಯಾಂಕಿನಿಂದ ಇಲ್ಲ. ಆದರೆ ನಿಮ್ಮ ನೆಟ್ ಬ್ಯಾಂಕಿಂಗಿಗೆ ಬ್ಯಾಂಕೇ ದಿನದ ಮಿತಿ ಹಾಕಿರುತ್ತದೆ. ಹೊಸದಾಗಿ ಸೇರಿಸಿದ ಖಾತೆಗೆ ಮೊದಲ ಒಂದೆರಡು ದಿನ ಇನ್ನೂ ಕಡಿಮೆ ಮಿತಿ ಇರುತ್ತದೆ. ನೋಂದಣಿ ಕಚೇರಿಯ ಬೆಂಚಿನ ಮೇಲೆ ಕೂತು ಇದನ್ನು ಕಂಡುಕೊಳ್ಳುವವರೇ ಹೆಚ್ಚು. ಐಎಂಪಿಎಸ್ ಒಮ್ಮೆಗೆ 5 ಲಕ್ಷದವರೆಗೆ ಮಾತ್ರ, ಯುಪಿಐ ಸಾಮಾನ್ಯವಾಗಿ 1 ಲಕ್ಷ. ಮನೆ ಖರೀದಿಗೆ ಅವು ಸಾಲವು.

ವಾರದ ಮೊದಲೇ ಮಾರುವವರ ಖಾತೆಯನ್ನು ಸೇರಿಸಿ, ಮುಂಗಡವನ್ನೋ ಅದರ ಒಂದು ಭಾಗವನ್ನೋ ಅದಕ್ಕೇ ಕಳಿಸಿ ತಲುಪಿದ್ದನ್ನು ಮಾರುವವರಿಂದ ಕೇಳಿ ಖಚಿತಪಡಿಸಿಕೊಳ್ಳಿ. ಈ ವರ್ಗಾವಣೆಗಳಲ್ಲಿ ಹಣ ಜಮಾ ಆಗುವುದು ಖಾತೆ ಸಂಖ್ಯೆ ನೋಡಿ, ಹೆಸರು ನೋಡಿ ಅಲ್ಲ. ಒಂದು ಅಂಕೆ ತಪ್ಪಿ ಅದು ಬೇರೆಯವರ ಖಾತೆಯಾಗಿದ್ದರೆ ವಾಪಸ್ ಪಡೆಯಲು ಅವರ ಒಪ್ಪಿಗೆ ಬೇಕು. ಈಗ ಕಳಿಸುವ ಮೊದಲು ಖಾತೆದಾರರ ಹೆಸರು ತೋರಿಸುವ ಸೌಲಭ್ಯ ಬಂದಿದೆ, ಅದನ್ನು ನೋಡದೆ ಮುಂದೆ ಒತ್ತಬೇಡಿ.

ದಿನದ ಮಿತಿ ಸಾಲದಿದ್ದರೆ ಶಾಖೆಗೆ ಹೋಗಿ ಆರ್‌ಟಿಜಿಎಸ್ ಚೀಟಿ ಮತ್ತು ಚೆಕ್ ಕೊಡಬೇಕು. ಆಗ ಮತ್ತೆ ಬ್ಯಾಂಕಿನ ಸಮಯಕ್ಕೇ ಕಟ್ಟುಬೀಳುತ್ತೀರಿ. ಮೊದಲು ಯಾರು ಎಂಬ ಪ್ರಶ್ನೆಗೆ ಜನ ಕಂಡುಕೊಂಡಿರುವ ದಾರಿ ಹೀಗಿದೆ: ಪತ್ರವನ್ನು ಓದಿ ಒಪ್ಪಿ, ಸ್ಲಾಟ್‌ನ ಕರೆ ಬರುವ ಹೊತ್ತಿಗೆ ಕೊಳ್ಳುವವರು ಕಳಿಸುತ್ತಾರೆ, ಮಾರುವವರು ತಮ್ಮ ಬ್ಯಾಂಕಿನ ಆ್ಯಪಿನಲ್ಲಿ ಜಮಾ ಕಂಡಮೇಲೆ ಒಳಗೆ ಹೋಗುತ್ತಾರೆ. ಕೊಳ್ಳುವವರು ತೋರಿಸುವ ಸ್ಕ್ರೀನ್‌ಶಾಟ್, ಬರುವ ಎಸ್‌ಎಂಎಸ್ ಸಾಕ್ಷಿಯಲ್ಲ. ಈ ಕೆಲವು ನಿಮಿಷ ಕೊಳ್ಳುವವರ ಹಣ ಅಡವಿಲ್ಲದೆ ಹೊರಗಿರುತ್ತದೆ. ಪರಿಚಯವಿಲ್ಲದವರ ಜೊತೆ ವ್ಯವಹಾರವಾದರೆ ನಮ್ಮ ಮತ ಡಿಡಿಗೇ.

ಮಾರುವವರ ಹಳೆಯ ಗೃಹಸಾಲ ಬಾಕಿ ಇದ್ದರೆ?

ಆಗ ಒಂದು ಡಿಡಿ ಮಾರುವವರ ಹೆಸರಿಗಲ್ಲ, ಅವರ ಸಾಲದ ಬ್ಯಾಂಕಿನ ಹೆಸರಿಗೆ, ಸಾಲದ ಖಾತೆ ಸಂಖ್ಯೆ ಸೇರಿಸಿ ತೆಗೆಸಬೇಕು. ಬರೀ ಬ್ಯಾಂಕಿನ ಹೆಸರಿದ್ದರೆ ಅದು ಯಾವ ಖಾತೆಗೆ ಎಂದು ಹುಡುಕುತ್ತಾ ದಿನ ಕಳೆಯುತ್ತದೆ. ಬಾಕಿ ಮೊತ್ತದ ಪತ್ರವನ್ನು ನಿರ್ದಿಷ್ಟ ದಿನಕ್ಕೆ ಬರೆಸಿಕೊಳ್ಳಿ, ಒಂದು ದಿನ ಹೆಚ್ಚಾದರೆ ಎಷ್ಟು ಬಡ್ಡಿ ಎಂಬುದನ್ನೂ ಅದರಲ್ಲೇ ಹಾಕಿಸಿ. ಮೂಲ ದಾಖಲೆಗಳು ಆ ಬ್ಯಾಂಕಿನ ಬಳಿ ಇರುವುದರಿಂದ ಈ ಡಿಡಿಯನ್ನು ನೋಂದಣಿಗೆ ಮೊದಲೇ ಕೊಡಬೇಕಾಗಿ ಬರುತ್ತದೆ. ಅದನ್ನು ಕರಾರುಪತ್ರದಲ್ಲಿ ಸ್ಪಷ್ಟವಾಗಿ ಬರೆದಿರಬೇಕು.

ಮುದ್ರಾಂಕ ಶುಲ್ಕಕ್ಕೂ ಡಿಡಿ ತೆಗೆಸಬೇಕೆ?

ಒಂದು ಕಾಲಕ್ಕೆ ಹಾಗಿತ್ತು. ಈಗ ಕರ್ನಾಟಕದಲ್ಲಿ ಕಾವೇರಿ ತಂತ್ರಾಂಶದ ಮೂಲಕ ಖಜಾನೆ-2ಕ್ಕೆ ಆನ್‌ಲೈನ್‌ನಲ್ಲೇ ಕಟ್ಟುತ್ತಾರೆ. ಸರ್ಕಾರಕ್ಕೆ ಹೋಗುವ ಹಣಕ್ಕೆ ಕೈ ಬದಲಾವಣೆಯ ಭಯ ಇಲ್ಲವಲ್ಲ.

ಆಸ್ತಿ ಬಿಟ್ಟರೆ ಇನ್ನೆಲ್ಲಿ ಡಿಡಿ ಕೇಳುತ್ತಾರೆ?

ನ್ಯಾಯಾಲಯದಲ್ಲಿ ರಾಜಿಯಾದ ಪ್ರಕರಣಗಳಲ್ಲಿ, ಚೆಕ್ ಬೌನ್ಸ್ ಕೇಸಿರಲಿ, ವಿಚ್ಛೇದನದ ಜೀವನಾಂಶವಿರಲಿ, ನ್ಯಾಯಾಧೀಶರ ಮುಂದೆಯೇ ಡಿಡಿ ಕೊಡಿಸಿ ಸಂಖ್ಯೆಯನ್ನು ದಾಖಲಿಸಿಕೊಳ್ಳುತ್ತಾರೆ. ಕಾರಣ ಮನೆ ನೋಂದಣಿಯದೇ, ಸಹಿಗೂ ಹಣಕ್ಕೂ ಒಂದೇ ಗಳಿಗೆ. ಟೆಂಡರ್ ಮತ್ತು ಹರಾಜಿನಲ್ಲಿ ಭಾಗವಹಿಸುವವರು ಮೊದಲೇ ಇಡುವ ಠೇವಣಿಗೆ, ಅಂದರೆ ಇಎಂಡಿಗೆ, ಡಿಡಿ ಕೇಳುವಲ್ಲಿ ಕಾರಣ ಬೇರೆ. ಸೋತವರ ಡಿಡಿಯನ್ನು ನಗದು ಮಾಡದೆ ಹಾಗೇ ಕೈಗೆ ವಾಪಸ್ ಕೊಡಬಹುದು. ಇದೂ ಈಗ ಬಹುಪಾಲು ಆನ್‌ಲೈನ್‌ಗೆ ಹೋಗಿದೆ.

ವಿಶ್ವವಿದ್ಯಾಲಯಗಳಲ್ಲಿ ಅಂಕಪಟ್ಟಿಯ ಪರಿಶೀಲನೆ, ಹಳೆಯ ಪ್ರಮಾಣಪತ್ರದ ನಕಲು ಇಂಥವಕ್ಕೆ ಡಿಡಿ ಕೇಳುವುದು ಬರೀ ಅಭ್ಯಾಸಬಲ. ಅರ್ಜಿಯ ಕಡತಕ್ಕೆ ಹಣವೂ ಕಾಗದವಾಗಿ ಅಂಟಿಕೊಂಡಿರಲಿ ಎಂದು. ಇಂಥಲ್ಲಿ ಡಿಡಿಯ ಹಿಂಬದಿಯಲ್ಲಿ ನಿಮ್ಮ ಹೆಸರು, ನೋಂದಣಿ ಸಂಖ್ಯೆ, ಫೋನ್ ಬರೆಯಿರಿ. ಕಡತದಿಂದ ಬೇರ್ಪಟ್ಟರೂ ಯಾರದೆಂದು ತಿಳಿಯುತ್ತದೆ. ಮಾಹಿತಿ ಹಕ್ಕು ಅರ್ಜಿಯ 10 ರೂಪಾಯಿ ಶುಲ್ಕಕ್ಕೂ ಡಿಡಿ ನಡೆಯುತ್ತದೆ, ಆದರೆ ಕಮಿಷನ್ನೇ ಶುಲ್ಕವನ್ನು ಮೀರಿಸಬಹುದು. ಅದಕ್ಕೆ ಅಂಚೆ ಕಚೇರಿಯಲ್ಲಿ ಇಂಡಿಯನ್ ಪೋಸ್ಟಲ್ ಆರ್ಡರ್ ತೆಗೆದುಕೊಳ್ಳಿ.